ಕರಾರಿಗೆ ಅಂಟಿಕೊಂಡು ಬರುವ ಕಾಣದ ಗುರುತುಗಳು

ಬೆಂಗಳೂರಿನ ಒಂದು ನಿವೇಶನಕ್ಕೆ ಕ್ರಯದ ಕರಾರು ಸಿದ್ಧವಾಗುತ್ತಿದೆ ಎಂದುಕೊಳ್ಳಿ. ಮುಂಗಡ ಹಣ ಹಿಂತಿರುಗಿಸುವ ಷರತ್ತು ಹಳೆಯ ವರ್ಡ್ ಫೈಲಿನಿಂದ ಬಂದಿದೆ, ತಕರಾರು ಬಗೆಹರಿಸುವ ಷರತ್ತು ಪಿಡಿಎಫ್‌ನಿಂದ. ಓದಿದರೆ ಎಲ್ಲ ಸರಿ. ಆದರೆ ಕೀಬೋರ್ಡಿನಲ್ಲಿ Ctrl+Shift+8 ಒತ್ತಿದರೆ ಅಕ್ಷರಗಳ ನಡುವೆ ಅಡಗಿದ್ದ ಗುರುತುಗಳೆಲ್ಲ ಮೇಲೆದ್ದು ಬರುತ್ತವೆ. ಪ್ರತಿ ಸ್ಪೇಸಿಗೆ ಒಂದು ಚುಕ್ಕೆ, ಪ್ಯಾರಾ ಮುಗಿದಲ್ಲಿ ¶, ಪ್ಯಾರಾ ಮುಗಿಯದೆ ಸಾಲು ಮಾತ್ರ ಮುರಿದಲ್ಲಿ ಬಾಗಿದ ಬಾಣ.

ಹೆಚ್ಚು ತೊಂದರೆ ಕೊಡುವುದು ಈ ಬಾಣವೇ. Shift+Enter ಒತ್ತಿದಾಗ ಹುಟ್ಟುವ ಈ ಸಾಲುಮುರಿವನ್ನು ವರ್ಡ್ ಹೊಸ ಪ್ಯಾರಾ ಎಂದು ಎಣಿಸುವುದಿಲ್ಲ, ಆದ್ದರಿಂದ ಅದರ ಮುಂದಿನ ಷರತ್ತಿಗೆ ತಾನಾಗಿ ಬೀಳಬೇಕಾದ ಕ್ರಮಸಂಖ್ಯೆಯೂ ಬೀಳುವುದಿಲ್ಲ. ಯಾರೋ ಅದನ್ನು ಗಮನಿಸಿ Enter ಒತ್ತಿ ಸರಿಪಡಿಸುತ್ತಾರೆ. ಆಗ 8 ಇದ್ದದ್ದು 9 ಆಗುತ್ತದೆ. ಆದರೆ ಬೇರೆ ಪುಟದಲ್ಲಿ ಕೈಯಾರೆ ಟೈಪ್ ಮಾಡಿದ ‘ಷರತ್ತು 8ರಂತೆ’ ಎಂಬುದು ಹಾಗೆಯೇ ಉಳಿದು, ಬೇರೊಂದು ಷರತ್ತನ್ನು ತೋರಿಸತೊಡಗುತ್ತದೆ. ಅಂದದ ದೋಷ ಹೀಗೆ ಅರ್ಥದ ದೋಷವಾಗುತ್ತದೆ.

ಪಿಡಿಎಫ್‌ನದು ಇನ್ನೊಂದು ಬಗೆ. ಅಲ್ಲಿಂದ ತಂದ ಪಠ್ಯದಲ್ಲಿ ಅನೇಕ ಸಲ ಪ್ರತಿ ಸಾಲಿನ ತುದಿಗೂ ¶ ಇರುತ್ತದೆ. ಇದನ್ನು ತೆಗೆಯುವಾಗ ಕ್ರಮ ಮುಖ್ಯ. ಷರತ್ತು ನಿಜವಾಗಿ ಮುಗಿಯುವ ಕಡೆ, ¶ ಗುರುತಿಗೆ ಮೊದಲು, ## ಎಂದು ಟೈಪ್ ಮಾಡಬೇಕು. ಅಂಟಿಸಿದ ಭಾಗವನ್ನಷ್ಟೇ ಸೆಲೆಕ್ಟ್ ಮಾಡಿ Replace ತೆರೆದು, ಹುಡುಕುವ ಜಾಗದಲ್ಲಿ ಇದನ್ನು ಬರೆಯಬೇಕು:

```
^p
```

ಬದಲಿಯ ಜಾಗದಲ್ಲಿ ಒಂದು ಸ್ಪೇಸ್. ಉಳಿದ ಭಾಗದಲ್ಲೂ ಹುಡುಕಲೇ ಎಂದು ವರ್ಡ್ ಕೇಳಿದರೆ ಬೇಡ ಎನ್ನಬೇಕು, ಇಲ್ಲದಿದ್ದರೆ ಇಡೀ ಕರಾರು ಒಂದೇ ಪ್ಯಾರಾ ಆದೀತು. ಆಮೇಲೆ ## ಮತ್ತು ಅದರ ಮುಂದಿನ ಸ್ಪೇಸ್ ಎರಡನ್ನೂ ಸೇರಿಸಿ ಹುಡುಕಿ, ಆ ಜಾಗಕ್ಕೆ ^p ತಂದರೆ ಷರತ್ತುಗಳು ಮತ್ತೆ ಬೇರೆಬೇರೆಯಾಗುತ್ತವೆ.

ಜೋಡಿ ಸ್ಪೇಸ್ ತೆಗೆಯುವುದು ಇದಾದ ಮೇಲೆಯೇ, ಏಕೆಂದರೆ ಸಾಲುಗಳನ್ನು ಕೂಡಿಸುವಾಗ ಹೊಸ ಜೋಡಿಗಳು ಹುಟ್ಟುತ್ತವೆ. ಎರಡು ಸ್ಪೇಸ್ ಹುಡುಕಿ ಒಂದನ್ನಿಡುವ ಕೆಲಸವನ್ನು, ಸಿಕ್ಕವು ಸೊನ್ನೆ ಎಂದು ವರ್ಡ್ ಹೇಳುವವರೆಗೆ ಮತ್ತೆ ಮತ್ತೆ ಮಾಡಬೇಕು. ಮೂರು ಸ್ಪೇಸ್ ಇದ್ದಲ್ಲಿ ಒಂದೇ ಸುತ್ತು ಸಾಲದು. ವಾಕ್ಯದ ನಂತರ ಎರಡು ಸ್ಪೇಸ್ ಬಿಡುವುದು ಇಂಗ್ಲಿಷ್ ಟೈಪ್‌ರೈಟರ್ ಕಾಲದ ಅಭ್ಯಾಸ. 2020ರಿಂದ ವರ್ಡ್ ಅದನ್ನು ತಪ್ಪೆಂದು ತೋರಿಸುತ್ತಿದೆ.

ಉದ್ಧರಣ ಚಿಹ್ನೆಗಳಲ್ಲಿ ಮಾತ್ರ ಅವಸರ ಸಲ್ಲದು. ಟೈಪ್ ಮಾಡುವಾಗ ವರ್ಡ್ ನೇರ " ಚಿಹ್ನೆಯನ್ನು ಬಾಗಿದ “ ” ಆಗಿ ಬದಲಿಸುತ್ತದೆ, ಅಂಟಿಸಿದ್ದನ್ನು ಬಂದಂತೆಯೇ ಬಿಡುತ್ತದೆ. ಹಾಗಾಗಿ ಒಂದು ಷರತ್ತಿನಲ್ಲಿ “ಖರೀದಿದಾರರು”, ಮುಂದಿನದರಲ್ಲಿ "ಖರೀದಿದಾರರು". ಬಾಗಿಸುವ ಸೆಟ್ಟಿಂಗ್ ಆನ್ ಇದ್ದಾಗ " ಹುಡುಕಿ " ಚಿಹ್ನೆಯನ್ನೇ ಬದಲಿಗಿಟ್ಟರೆ ಎಲ್ಲವೂ ಬಾಗುತ್ತವೆ. ಒಂಟಿ ಚಿಹ್ನೆಗೂ ಇದೇ ಉಪಾಯ ಹೂಡಿದರೆ ಷೆಡ್ಯೂಲಿನಲ್ಲಿರುವ 30' × 40' ನಿವೇಶನದ ಅಡಿಯ ಗುರುತುಗಳೂ ಬಾಗಿಬಿಡುತ್ತವೆ. ಅವು ನೇರವಾಗಿಯೇ ಇರಬೇಕು. ಆದ್ದರಿಂದ ಷೆಡ್ಯೂಲ್ ಬಿಟ್ಟು, ಷರತ್ತುಗಳನ್ನಷ್ಟೇ ಸೆಲೆಕ್ಟ್ ಮಾಡಿ ಬದಲಿಸುವುದು ಸರಿ. ಷೆಡ್ಯೂಲಿನಲ್ಲಿ 30 ಅಡಿ, 40 ಅಡಿ ಎಂದೇ ಬರೆದುಬಿಟ್ಟರೆ ಈ ಗೊಂದಲ ಹುಟ್ಟುವುದೇ ಇಲ್ಲ.