ಗಾಡಿ ಗ್ಯಾರೇಜ್ ಸೇರಿದ್ದು ಎಷ್ಟು ಗಂಟೆಗೆ?

ಬೆಂಗಳೂರಿನಿಂದ ಧರ್ಮಸ್ಥಳ, ಕುಕ್ಕೆಗೆ ಇನ್ನೋವಾ ಮಾಡಿಕೊಂಡು ಹೊರಡುವ ಕುಟುಂಬದವರು ಟ್ರಾವೆಲ್ಸ್‌ನವರಿಗೆ ಮೊದಲು ಕೇಳುವ ಪ್ರಶ್ನೆ ‘ಕಿಲೋಮೀಟರಿಗೆ ಎಷ್ಟು?’ ಎಂಬುದು. ಹದಿನೆಂಟು ರೂಪಾಯಿ ಎಂದವರನ್ನು ಬಿಟ್ಟು ಹದಿನೇಳು ಎಂದವರನ್ನು ಹಿಡಿಯುತ್ತಾರೆ. ಏಳುನೂರು ಕಿಲೋಮೀಟರಿನ ಪ್ರವಾಸದಲ್ಲಿ ಈ ಚೌಕಾಸಿಯಿಂದ ಉಳಿಯುವುದು 700 ರೂಪಾಯಿ. ಹೊರಡುವ ಹೊತ್ತನ್ನು ಸರಿಯಾಗಿ ಆರಿಸಿಕೊಂಡರೆ ಅದೇ ಪ್ರವಾಸದಲ್ಲಿ ಹತ್ತು ಸಾವಿರದಷ್ಟು ಉಳಿಯಬಹುದು. ಹೇಗೆಂದು ತಿಳಿಯಲು ಬಾಡಿಗೆ ಬಿಲ್ಲನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಒಂದು ದರಪಟ್ಟಿ ಹೀಗಿದೆ ಎಂದುಕೊಳ್ಳೋಣ: ದಿನಕ್ಕೆ 5,400 ರೂಪಾಯಿ, ಅದರಲ್ಲಿ 300 ಕಿಲೋಮೀಟರ್ ಉಚಿತ, ಹೆಚ್ಚಿನ ಪ್ರತಿ ಕಿಲೋಮೀಟರಿಗೆ 18 ರೂಪಾಯಿ, ಡ್ರೈವರ್ ಬಾಟಾ ದಿನಕ್ಕೆ 500, ಡೀಸೆಲ್ ಗಾಡಿಯವರದು, ಟೋಲ್ ಮತ್ತು ಪಾರ್ಕಿಂಗ್ ನಮ್ಮದು. 5,400ನ್ನು 300ರಿಂದ ಭಾಗಿಸಿದರೆ ಬರುವುದು ಅದೇ 18. ಅಂದರೆ ಇಲ್ಲಿ ಯಾವ ಕಿಲೋಮೀಟರೂ ಉಚಿತವಲ್ಲ, ಮುನ್ನೂರಕ್ಕೆ ಮೊದಲೇ ದುಡ್ಡು ಕೊಟ್ಟಿರುತ್ತೇವೆ. ‘ದಿನಕ್ಕೆ ಮಿನಿಮಮ್ ಮುನ್ನೂರು ಕಿಲೋಮೀಟರ್, ಕಿಲೋಮೀಟರಿಗೆ ಹದಿನೆಂಟು’ ಎನ್ನುವವರ ಲೆಕ್ಕವೂ ಇದೇ. ಇನ್ನೊಬ್ಬರು ದಿನಕ್ಕೆ 5,000, ಉಚಿತ 250 ಎಂದರೆ ಅಗ್ಗವಾಗಿ ಕಾಣುತ್ತದೆ, ಭಾಗಿಸಿದರೆ ಕಿಲೋಮೀಟರಿಗೆ 20 ಬೀಳುತ್ತದೆ. ಕಡಿಮೆ ಸುತ್ತಾಟದ ಪ್ರವಾಸಕ್ಕೆ ಅದು ಒಳ್ಳೆಯದೇ, ದೂರದ ಪ್ರವಾಸಕ್ಕೆ ಮೊದಲನೆಯದು ಮೇಲು.

ಉಚಿತ ಕಿಲೋಮೀಟರನ್ನು ಇಡೀ ಪ್ರವಾಸಕ್ಕೆ ಕೂಡಿಸುತ್ತಾರೋ, ದಿನದಿನಕ್ಕೆ ಬೇರೆ ಮಾಡುತ್ತಾರೋ ಎಂಬುದನ್ನೂ ಕೇಳಬೇಕು. ಮೊದಲ ದಿನ 420, ಎರಡನೇ ದಿನ 180 ಓಡಿದರೆ ಒಟ್ಟು ಆರುನೂರು. ಕೂಡಿಸಿದರೆ ಹೆಚ್ಚುವರಿ ಏನೂ ಇಲ್ಲ. ದಿನದಿನದ ಲೆಕ್ಕವಾದರೆ ಮೊದಲ ದಿನದ 120 ಕಿಲೋಮೀಟರಿಗೆ 2,160 ರೂಪಾಯಿ ಹೆಚ್ಚು ಕೊಡಬೇಕಾಗುತ್ತದೆ. ಹೊರಊರಿನ ಪ್ರವಾಸಕ್ಕೆ ಸಾಮಾನ್ಯವಾಗಿ ಕೂಡಿಸುತ್ತಾರೆ, ಆದರೂ ಬಾಯಿಬಿಟ್ಟು ಕೇಳಿಕೊಂಡಿರುವುದು ಕ್ಷೇಮ.

ಈಗ ದೊಡ್ಡ ಮೊತ್ತದ ವಿಷಯಕ್ಕೆ ಬರೋಣ. ಹೊರಊರಿನ ಬಾಡಿಗೆಯಲ್ಲಿ ‘ದಿನ’ ಎಂದರೆ ಬಹುಪಾಲು ಟ್ರಾವೆಲ್ಸ್‌ನವರಿಗೆ ಇಪ್ಪತ್ನಾಲ್ಕು ಗಂಟೆಯಲ್ಲ, ಕ್ಯಾಲೆಂಡರಿನ ತಾರೀಕು. ರಾತ್ರಿ ಹನ್ನೆರಡು ಹೊಡೆದರೆ ಹೊಸ ದಿನ, ಹೊಸ ಬಾಡಿಗೆ. ಲೆಕ್ಕ ಶುರುವಾಗುವುದು ನಮ್ಮ ಮನೆ ಬಾಗಿಲಿನಿಂದಲ್ಲ, ಗಾಡಿ ಗ್ಯಾರೇಜ್ ಬಿಟ್ಟ ಹೊತ್ತಿನಿಂದ. ಮುಗಿಯುವುದೂ ಗ್ಯಾರೇಜಿನಲ್ಲೇ.

ಒಂದು ಕುಟುಂಬ ಶುಕ್ರವಾರ ಆಫೀಸು ಮುಗಿಸಿ ರಾತ್ರಿ ಹತ್ತಕ್ಕೆ ಹೊರಡುತ್ತದೆ ಎನ್ನಿ. ಗಾಡಿ ಒಂಬತ್ತೂಕಾಲಿಗೇ ಗ್ಯಾರೇಜ್ ಬಿಟ್ಟಿರುತ್ತದೆ. ಶನಿವಾರ ಧರ್ಮಸ್ಥಳ, ಭಾನುವಾರ ಕುಕ್ಕೆ ಮುಗಿಸಿ ಭಾನುವಾರ ರಾತ್ರಿ ಹನ್ನೊಂದೂಮುಕ್ಕಾಲಿಗೆ ಮನೆ ಸೇರುತ್ತಾರೆ. ಹನ್ನೆರಡರೊಳಗೆ ಬಂದೆವೆಂದು ನೆಮ್ಮದಿ. ಆದರೆ ಗಾಡಿ ಗ್ಯಾರೇಜ್ ಮುಟ್ಟುವಾಗ ಹನ್ನೆರಡೂವರೆ, ತಾರೀಕು ಸೋಮವಾರದ್ದು. ಶುಕ್ರ, ಶನಿ, ಭಾನು, ಸೋಮ ಎಂದು ನಾಲ್ಕು ದಿನದ ಬಾಡಿಗೆ 21,600, ಬಾಟಾ 2,000, ಅದರ ಮೇಲೆ ಶೇ 5ರ ಜಿಎಸ್‌ಟಿ ಸೇರಿ 24,780 ರೂಪಾಯಿ. ಓಡಿದ್ದು 700 ಕಿಲೋಮೀಟರ್, ದುಡ್ಡು ಕೊಟ್ಟಿದ್ದು 1,200 ಕಿಲೋಮೀಟರಿಗೆ.

ಅದೇ ಕುಟುಂಬ ಶನಿವಾರ ಬೆಳಗಿನ ಜಾವ ಐದೂವರೆಗೆ ಹೊರಟು ಭಾನುವಾರ ರಾತ್ರಿ ಹತ್ತಕ್ಕೆ ಮನೆ ಸೇರಿದರೆ ಎರಡೇ ದಿನ. ಬಾಡಿಗೆ 10,800, ಆರುನೂರು ದಾಟಿದ ನೂರು ಕಿಲೋಮೀಟರಿಗೆ 1,800, ಬಾಟಾ 1,000, ಜಿಎಸ್‌ಟಿ ಸೇರಿ 14,280. ವ್ಯತ್ಯಾಸ 10,500 ರೂಪಾಯಿ. ಎರಡೂ ಪ್ರವಾಸದಲ್ಲಿ ನೋಡಿದ ದೇವಸ್ಥಾನಗಳು ಅವೇ, ಮಲಗಿದ ವಸತಿಗೃಹವೂ ಒಂದೇ ದಿನದ್ದು.

ಬಾಟಾ ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಹೊರಊರಿನಲ್ಲಿ ಡ್ರೈವರ್‌ನ ಊಟ, ತಿಂಡಿ, ಮಲಗುವ ಜಾಗಕ್ಕೆ ಇರುವ ದುಡ್ಡು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರೊಳಗೆ ಗಾಡಿ ಓಡಿಸಿದರೆ ಹಲವರು ಇನ್ನೊಂದು ಬಾಟಾ ಹಾಕುತ್ತಾರೆ, ಅದೂ ನ್ಯಾಯವೇ. ಐನೂರು ರೂಪಾಯಿಯಲ್ಲಿ ಮೂರು ಹೊತ್ತು ಹೊರಗೆ ಉಂಡು ರೂಮು ಮಾಡುವುದು ಆಗದ ಮಾತು. ಹಾಗಾಗಿ ನಾವು ರೂಮಿನಲ್ಲಿ ಮಲಗಿದ್ದಾಗ ಅವರು ಪಾರ್ಕಿಂಗ್‌ನಲ್ಲಿ ಡ್ರೈವರ್ ಸೀಟನ್ನು ಹಿಂದಕ್ಕೆ ಬಾಗಿಸಿ, ಸೊಳ್ಳೆಗೆ ಮುಖದ ಮೇಲೆ ಟವೆಲ್ ಹೊದ್ದು ಮಲಗಿರುತ್ತಾರೆ. ಮರುದಿನ ಶಿರಾಡಿ ಘಾಟಿ ಹತ್ತಿಸುವವರು ಅವರೇ. ಡ್ರೈವರುಗಳಿಗೆ ಡಾರ್ಮಿಟರಿ ಇರುವ ವಸತಿಗೃಹವನ್ನು ಮೊದಲೇ ವಿಚಾರಿಸಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸವನ್ನು ಸಾಮಾನ್ಯ ಮಿತಿಯಾಗಿ ಇಟ್ಟಿತ್ತು. ಇಡೀ ರಾತ್ರಿ ಓಡಿಸಿದವರನ್ನೇ ಹಗಲೆಲ್ಲ ಸುತ್ತಾಡಿಸುವ ಶುಕ್ರವಾರ ರಾತ್ರಿಯ ಪ್ರವಾಸ ಜೇಬಿಗಷ್ಟೇ ಅಲ್ಲ, ಜೀವಕ್ಕೂ ದುಬಾರಿ. ಬಿಲ್ಲಿನಲ್ಲಿ ಹಾಕಿದ ಬಾಟಾ ಡ್ರೈವರ್ ಕೈ ಸೇರುತ್ತದೆಯೇ ಎಂದೂ ಕೇಳಿ. ಸೇರುವುದಿಲ್ಲ ಎಂದಾದರೆ ನೇರವಾಗಿ ಅವರಿಗೇ ಕೊಡುತ್ತೇವೆಂದು ಬುಕ್ಕಿಂಗ್ ಮಾಡುವಾಗಲೇ ಮಾಲೀಕರಿಗೆ ಹೇಳಿ.

ಡೀಸೆಲ್ ವಿಷಯದಲ್ಲಿ ಎರಡು ಪದ್ಧತಿಗಳಿವೆ. ಮೇಲಿನ ಉದಾಹರಣೆಯಲ್ಲಿ ಇಂಧನ ಬಾಡಿಗೆಯಲ್ಲೇ ಸೇರಿದೆ. ಆದರೂ ದಾರಿಯ ಬಂಕಿನಲ್ಲಿ ಡ್ರೈವರ್ ‘ಸಾರ್, ಡೀಸೆಲ್‌ಗೆ ಎರಡು ಸಾವಿರ ಕೊಟ್ಟಿರಿ’ ಎನ್ನುವುದುಂಟು. ಅದು ಮುಂಗಡ, ಕೊನೆಯ ಬಿಲ್ಲಿನಲ್ಲಿ ಕಳೆಯಬೇಕಾದದ್ದು. ಕೊಟ್ಟ ತಕ್ಷಣ ಟ್ರಿಪ್ ಶೀಟಿನಲ್ಲಿ ಬರೆಸಿ, ಬಂಕಿನ ರಸೀದಿ ಇಟ್ಟುಕೊಳ್ಳಿ.

ಎರಡನೆಯದು ‘ದಿನಕ್ಕೆ ಇಷ್ಟು, ಡೀಸೆಲ್ ನಿಮ್ಮದು’ ಎನ್ನುವ ಪದ್ಧತಿ. ಇಲ್ಲಿ ಜಗಳ ಹುಟ್ಟುವುದು ಟ್ಯಾಂಕಿನಲ್ಲಿ ಮೊದಲು ಎಷ್ಟಿತ್ತು ಎಂಬುದರ ಮೇಲೆ. ‘ಅರ್ಧ ಟ್ಯಾಂಕ್ ಇತ್ತು, ಅರ್ಧ ಇಟ್ಟು ಕೊಡಿ’ ಎಂಬ ಮಾತಿಗೆ ಒಪ್ಪಬೇಡಿ. ಡ್ಯಾಶ್‌ಬೋರ್ಡಿನ ಗೀಟುಗಳು ಲೀಟರಿನ ಲೆಕ್ಕ ಹೇಳುವುದಿಲ್ಲ, ಏರಿನಲ್ಲಿ ಗಾಡಿ ನಿಂತಿದ್ದರೂ ಮುಳ್ಳು ಬೇರೆ ತೋರಿಸುತ್ತದೆ. ಹೊರಡುವಾಗ ಮಾಲೀಕರ ಖರ್ಚಿನಲ್ಲಿ ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಲಿ, ವಾಪಸಾದಾಗ ನೀವು ಹಾಗೆಯೇ ತುಂಬಿಸಿ. ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುವ ಗಾಡಿ 700 ಕಿಲೋಮೀಟರಿಗೆ ಸುಮಾರು 58 ಲೀಟರ್ ಕುಡಿಯುತ್ತದೆ. ನಿಂತಲ್ಲೇ ಎಸಿ ಹಾಕಿಕೊಂಡು ಕೂತಿದ್ದರೆ ಇನ್ನೂ ನಾಲ್ಕೈದು ಲೀಟರ್ ಏರಬಹುದು. ಎಪ್ಪತ್ತು ದಾಟಿದರೆ ಮಾತ್ರ ಕಾರಣ ಕೇಳಬೇಕು.

ಇನ್ನು ಓಡಿದ ಕಿಲೋಮೀಟರಿಗೆ ಸಾಕ್ಷಿ ಓಡೋಮೀಟರ್ ಒಂದೇ. ಗಾಡಿ ಮನೆ ಮುಂದೆ ಬಂದಾಗ ಒಂದು, ಕೊನೆಗೆ ಇಳಿದಾಗ ಒಂದು ಫೋಟೊ ತೆಗೆದುಕೊಳ್ಳಿ. ಗ್ಯಾರೇಜಿನಿಂದ ಮನೆಗೆ ಎಷ್ಟು ದೂರ ಎಂಬುದನ್ನು ಮೊಬೈಲ್ ಮ್ಯಾಪಿನಲ್ಲಿ ನೋಡಿಟ್ಟುಕೊಂಡರೆ, ಎರಡೂ ಕಡೆ ಸೇರಿ ಎಷ್ಟು ಕೂಡಿಸಬಹುದೆಂದು ಗೊತ್ತಿರುತ್ತದೆ. ಹತ್ತಿರದ ಗ್ಯಾರೇಜಿನ ಗಾಡಿ ಹಿಡಿಯುವುದರಿಂದ ಕಿಲೋಮೀಟರೂ ಉಳಿಯುತ್ತದೆ, ಹನ್ನೆರಡರ ಗಡಿಗೆ ಅರ್ಧ ಗಂಟೆ ಬಿಡುವೂ ಸಿಗುತ್ತದೆ.

ಮೋಸವಾಗಲಿ, ಮರೆವಾಗಲಿ ನುಸುಳುವುದು ಕೊನೆಯ ಐದು ನಿಮಿಷದಲ್ಲಿ. ಮಕ್ಕಳು ನಿದ್ದೆಗಣ್ಣಿನಲ್ಲಿ ಇಳಿಯುತ್ತಿರುತ್ತಾರೆ, ಡಿಕ್ಕಿಯಿಂದ ಬ್ಯಾಗು ಇಳಿಸುವ ಗಡಿಬಿಡಿ. ಆಗ ಚಾಚಿದ ಟ್ರಿಪ್ ಶೀಟಿಗೆ ಓದದೆ ಸಹಿ ಹಾಕುತ್ತೇವೆ. ಮುಕ್ತಾಯದ ಕಿಲೋಮೀಟರ್, ಸಮಯ, ಕೊಟ್ಟ ಮುಂಗಡ, ಈ ಮೂರು ಕಡೆ ಖಾಲಿ ಬಿಟ್ಟ ಶೀಟಿಗೆ ದಯವಿಟ್ಟು ಸಹಿ ಹಾಕಬೇಡಿ.