ಆರ್‌ಟಿಆರ್ ಮೇಲ್‌ಗೆ ಒಪ್ಪಿಗೆ ಬರೆಯುವ ಮುನ್ನ

ಅಮೆರಿಕದಲ್ಲಿ ಕಾಂಟ್ರಾಕ್ಟ್ ಮೇಲೆ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮವರಿಗೆ ಈ ಕರೆ ಹೊಸದಲ್ಲ. ಅಲ್ಲಿ ಬೆಳಗಿನ ಹೊತ್ತು. ಕರೆ ಮಾಡಿದ ರೆಕ್ರೂಟರ್ ಎಷ್ಟೋ ಸಲ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ರಾತ್ರಿ ಪಾಳಿಯಲ್ಲಿ ಕುಳಿತವರು. ಐದು ನಿಮಿಷ ಮಾತು, ಹಿಂದೆಯೇ ಒಂದು ಮೇಲ್: ‘ಈ ಕೆಲಸಕ್ಕೆ ನನ್ನನ್ನು ಪ್ರತಿನಿಧಿಸುವ ಹಕ್ಕನ್ನು ಈ ಏಜೆನ್ಸಿಗೆ ಕೊಟ್ಟಿದ್ದೇನೆ. ಬೇರೆ ಯಾರ ಮೂಲಕವೂ ಈ ಕೆಲಸಕ್ಕೆ ಹೋಗಿಲ್ಲ, ಹೋಗುವುದೂ ಇಲ್ಲ.’ ಕೆಳಗೆ ನಿಮ್ಮ ಹೆಸರು ಹಾಕಿ ವಾಪಸ್ ಕಳಿಸಿದರೆ ಸಾಕು. ಇದನ್ನು ‘ರೈಟ್ ಟು ರೆಪ್ರೆಸೆಂಟ್’ ಅಥವಾ ಚಿಕ್ಕದಾಗಿ ಆರ್‌ಟಿಆರ್ ಎನ್ನುತ್ತಾರೆ. ಸಂಜೆಯೊಳಗೆ ಸಬ್ಮಿಟ್ ಮಾಡಬೇಕು ಎಂದು ಅವಸರಪಡಿಸುವುದರಿಂದ ಹೆಚ್ಚಿನವರು ಓದದೆಯೇ ಒಪ್ಪಿಬಿಡುತ್ತಾರೆ.

ಈ ಮೇಲ್ ಕೇಳುವುದಕ್ಕೆ ಏಜೆನ್ಸಿಗೆ ನ್ಯಾಯವಾದ ಕಾರಣವಿದೆ. ದೊಡ್ಡ ಬ್ಯಾಂಕೋ ವಿಮಾ ಕಂಪನಿಯೋ ಒಂದು ಕೆಲಸ ತೆರೆದಾಗ ಅದಕ್ಕೊಂದು ಸಂಖ್ಯೆ ಕೊಟ್ಟು, ಪಟ್ಟಿಯಲ್ಲಿರುವ ಹಲವು ವೆಂಡರ್‌ಗಳಿಗೆ ಒಟ್ಟಿಗೆ ಕಳಿಸುತ್ತದೆ. ಅವರು ತಮ್ಮ ಕೆಳಗಿನ ಸಣ್ಣ ಏಜೆನ್ಸಿಗಳಿಗೆ ದಾಟಿಸುತ್ತಾರೆ. ಹೀಗಾಗಿ ಒಂದೇ ಕೆಲಸಕ್ಕೆ ಒಬ್ಬರೇ ವ್ಯಕ್ತಿಯನ್ನು ಇಬ್ಬರು ಮೂವರು ಹುಡುಕಿಕೊಂಡು ಬರುವುದುಂಟು. ಎರಡು ದಾರಿಯಿಂದ ಅದೇ ಹೆಸರು ಒಳಗೆ ಬಂದರೆ ಅದೇ ಡಬಲ್ ಸಬ್ಮಿಷನ್. ಕೆಲವು ಕ್ಲೈಂಟ್‌ಗಳು ಮೊದಲು ಕಳಿಸಿದವರನ್ನು ಮಾನ್ಯ ಮಾಡುತ್ತಾರೆ. ಕೆಲವರು ತಕರಾರೇ ಬೇಡವೆಂದು ಅಭ್ಯರ್ಥಿಯನ್ನೇ ಕೈಬಿಡುತ್ತಾರೆ. ಜಗಳ ಬಂದಾಗ ಯಾರ ಬಳಿ ನಿಮ್ಮ ಒಪ್ಪಿಗೆ ಮೇಲ್ ಇದೆ, ಅದರ ಮೇಲಿನ ತಾರೀಖು ಯಾವುದು ಎಂಬುದು ಮುಖ್ಯವಾಗುತ್ತದೆ. ನೀವು ಬರೆದು ಮರೆತ ಎರಡು ಸಾಲು ಅಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ನ್ಯೂಜೆರ್ಸಿಯಲ್ಲಿರುವ ಹಾಸನದ ಜಾವಾ ಡೆವಲಪರ್ ಒಬ್ಬರಿಗೆ ಸೋಮವಾರ ಒಂದು ಏಜೆನ್ಸಿಯಿಂದ ಆರ್‌ಟಿಆರ್ ಬರುತ್ತದೆ. ಕ್ಲೈಂಟ್ ಹೆಸರಿನ ಜಾಗದಲ್ಲಿ ‘ಷಾರ್ಲೆಟ್ ನಗರದ ನಮ್ಮ ಬ್ಯಾಂಕಿಂಗ್ ಕ್ಲೈಂಟ್’ ಎಂದಷ್ಟೇ ಇದೆ. ರೇಟ್ ಗಂಟೆಗೆ 62 ಡಾಲರ್, ‘ಎಲ್ಲ ಸೇರಿ’. ಕೊನೆಯಲ್ಲಿ ‘ಈ ಕ್ಲೈಂಟ್‌ನ ಎಲ್ಲ ಕೆಲಸಗಳಿಗೂ 60 ದಿನ ನಾವೇ ಪ್ರತಿನಿಧಿಗಳು’ ಎಂಬ ಸಾಲು. ಮರುದಿನ ಇನ್ನೊಂದು ಏಜೆನ್ಸಿ ಕರೆ ಮಾಡುತ್ತದೆ. ಬ್ಯಾಂಕಿನ ಹೆಸರು, ಕೆಲಸದ ಸಂಖ್ಯೆ ಎರಡನ್ನೂ ಹೇಳುತ್ತದೆ. ರೇಟ್ 70 ಡಾಲರ್. ಎರಡೂ ಒಂದೇ ಕೆಲಸವೇ? ವಿವರಣೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಸುಳಿವು ಸಿಗುತ್ತದೆ. ಮೇಲಿನವರು ಕಳಿಸಿದ್ದನ್ನು ಕೆಳಗಿನವರು ಹಾಗೇ ನಕಲು ಮಾಡುವುದರಿಂದ ಕೌಶಲಗಳ ಸಾಲು, ವಾರಕ್ಕೆ ಎಷ್ಟು ದಿನ ಕಚೇರಿ, ಕೆಲವೊಮ್ಮೆ ಕಾಗುಣಿತದ ತಪ್ಪು ಕೂಡ ಒಂದೇ ಇರುತ್ತದೆ.

ಒಂದೇ ಕೆಲಸವಾಗಿದ್ದರೆ ಗಂಟೆಗೆ 8 ಡಾಲರ್, ವಾರಕ್ಕೆ 320 ಡಾಲರ್ ವ್ಯತ್ಯಾಸ. ಮೊದಲ ಏಜೆನ್ಸಿಗೂ ಬ್ಯಾಂಕಿಗೂ ನಡುವೆ ಇನ್ನೊಬ್ಬ ವೆಂಡರ್ ಇದ್ದು ಆ ಹಣ ಅವರ ಪಾಲಾಗುತ್ತಿರಬಹುದು. ಆದರೆ ಸೋಮವಾರವೇ ಒಪ್ಪಿಗೆ ಹೋಗಿಬಿಟ್ಟಿದ್ದರೆ ಮಂಗಳವಾರದ ಕರೆಗೆ ‘ಇಲ್ಲ’ ಎನ್ನುವುದೊಂದೇ ಸುರಕ್ಷಿತ ದಾರಿ. ಅಷ್ಟೇ ಅಲ್ಲ, ಅದೇ ಬ್ಯಾಂಕಿನ ಬೇರೆ ವಿಭಾಗದಲ್ಲಿ ಮುಂದಿನ ತಿಂಗಳು ತೆರೆಯುವ ಕೆಲಸಕ್ಕೂ ಆ 60 ದಿನಗಳ ಸಾಲು ಅಡ್ಡ ನಿಲ್ಲುತ್ತದೆ. ಈ ಮೇಲ್‌ನಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಇದೇ. ಒಂದು ಕೆಲಸಕ್ಕೆ ಕೇಳಿದ ಅನುಮತಿ ಒಂದು ಕೆಲಸಕ್ಕೇ ಮುಗಿಯಬೇಕು.

ಆರ್‌ಟಿಆರ್ ಅಚ್ಚಾದ ಅರ್ಜಿಯಲ್ಲ, ಬದಲಾಯಿಸಬಾರದೆಂಬ ನಿಯಮವಿಲ್ಲ. ಉತ್ತರದಲ್ಲಿ ನೀವೇ ತಿದ್ದಿ ಕಳಿಸಬಹುದು: ಇಂಥ ಕ್ಲೈಂಟ್‌ನ ಇಂಥ ಸಂಖ್ಯೆಯ ಕೆಲಸಕ್ಕೆ ಮಾತ್ರ, ಇಂಥ ತಾರೀಖಿನವರೆಗೆ ಮಾತ್ರ ಈ ಒಪ್ಪಿಗೆ ಎಂದು. ಕ್ಲೈಂಟ್ ಹೆಸರು ಹೇಳಲು ರೆಕ್ರೂಟರ್ ಹಿಂಜರಿದರೆ ಅವರ ಭಯವೂ ಸುಳ್ಳಲ್ಲ. ಹೆಸರು ತಿಳಿದ ಅಭ್ಯರ್ಥಿ ನೇರವಾಗಿ ಹೋಗಿಬಿಡುವುದು ನಡೆದಿದೆ. ಅದಕ್ಕೂ ದಾರಿ ಇದೆ. ‘ಕ್ಲೈಂಟ್ ಹೆಸರು ಮತ್ತು ಕೆಲಸದ ಸಂಖ್ಯೆಯನ್ನು ಮೇಲ್‌ನಲ್ಲಿ ತಿಳಿಸಿ, ನಾನು ದೃಢಪಡಿಸಿದ ಮೇಲಷ್ಟೇ ಈ ಒಪ್ಪಿಗೆ ಜಾರಿಗೆ ಬರುತ್ತದೆ’ ಎಂದು ಬರೆಯಿರಿ. ನಿಜವಾದ ಕೆಲಸ ಕೈಯಲ್ಲಿರುವ ಏಜೆನ್ಸಿ ಸಾಮಾನ್ಯವಾಗಿ ಇದಕ್ಕೆ ಒಪ್ಪುತ್ತದೆ. ಇದಕ್ಕೂ ಒಪ್ಪದಿದ್ದರೆ, ಕೆಲಸವೇ ಇಲ್ಲದೆ ರೆಸ್ಯೂಮೆ ಸಂಗ್ರಹಿಸುತ್ತಿರುವ ಸಾಧ್ಯತೆಯನ್ನೂ ಯೋಚಿಸಬೇಕು.

ರೇಟಿನ ಸಾಲಿನಲ್ಲಿ ಅಂಕಿಗಿಂತ ಅದರ ಪಕ್ಕದ ಪದ ಮುಖ್ಯ. ಡಬ್ಲ್ಯೂ-2 ಎಂದರೆ ನೀವು ಏಜೆನ್ಸಿಯ ಪೇರೋಲ್ ಮೇಲಿನ ನೌಕರರು. ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ತೆರಿಗೆಯಲ್ಲಿ ಮಾಲೀಕರ ಪಾಲಾದ ಶೇ 7.65 ಅನ್ನು ಅವರೇ ಕಟ್ಟುತ್ತಾರೆ. 1099 ಎಂದರೆ ನೀವು ಸ್ವತಂತ್ರ ಗುತ್ತಿಗೆದಾರರು, ಎರಡೂ ಪಾಲು ನಿಮ್ಮದೇ. ಗಂಟೆಗೆ 60 ಡಾಲರ್ ರೇಟಿನಲ್ಲಿ ಈ ಒಂದೇ ಕಾರಣಕ್ಕೆ ಸುಮಾರು ನಾಲ್ಕೂವರೆ ಡಾಲರ್ ವ್ಯತ್ಯಾಸ ಬೀಳುತ್ತದೆ. ‘ಎಲ್ಲ ಸೇರಿ’ ಎಂದಿದ್ದರೆ ಪ್ರಯಾಣ, ವಾಸ್ತವ್ಯದ ಖರ್ಚನ್ನು ಬೇರೆಯಾಗಿ ಕೇಳುವಂತಿಲ್ಲ. ಫೋನಿನಲ್ಲಿ ಒಂದು ರೇಟ್ ಹೇಳಿ ಮೇಲ್‌ನಲ್ಲಿ ಇನ್ನೊಂದು ಬರೆದಿದ್ದರೆ, ಮುಂದೆ ಚೌಕಾಸಿ ಮಾಡುವಾಗ ಉಳಿಯುವುದು ಮೇಲ್‌ನದೇ.

ಎಚ್-1ಬಿ ವೀಸಾದಲ್ಲಿರುವವರಿಗೆ ಇನ್ನೊಂದು ತೊಡಕಿದೆ. ಅವರ ಮಾಲೀಕ ಕಂಪನಿಯೇ ಒಂದು ಕನ್ಸಲ್ಟೆನ್ಸಿಯಾಗಿದ್ದರೆ, ಅಲ್ಲಿನ ಬೆಂಚ್ ಸೇಲ್ಸ್ ತಂಡವೂ ಅವರ ರೆಸ್ಯೂಮೆಯನ್ನು ಹಂಚುತ್ತಿರುತ್ತದೆ. ಇವರು ಬೆಳಿಗ್ಗೆ ಒಂದು ಏಜೆನ್ಸಿಗೆ ಒಪ್ಪಿಗೆ ಕೊಟ್ಟಿರುತ್ತಾರೆ, ಮಧ್ಯಾಹ್ನ ಅದೇ ಕೆಲಸಕ್ಕೆ ಬೆಂಚ್ ಸೇಲ್ಸ್‌ನವರು ಇವರ ಪರವಾಗಿ ಇನ್ನೊಬ್ಬರಿಗೆ ಕೊಟ್ಟಿರುತ್ತಾರೆ. ಅಭ್ಯರ್ಥಿಗೆ ಗೊತ್ತೇ ಇಲ್ಲದ ಡಬಲ್ ಸಬ್ಮಿಷನ್ ಇದು. ತಮ್ಮ ಒಪ್ಪಿಗೆ ಇಲ್ಲದೆ ಎಲ್ಲಿಗೂ ಕಳಿಸಬೇಡಿ, ಕಳಿಸಿದ ಕ್ಲೈಂಟ್ ಹೆಸರನ್ನು ಅದೇ ದಿನ ತಿಳಿಸಿ ಎಂದು ಮಾಲೀಕರಿಗೆ ಮೊದಲೇ ಬರವಣಿಗೆಯಲ್ಲಿ ಹೇಳಿಡಬೇಕು.

ಆರ್‌ಟಿಆರ್ ಜೊತೆಗೆ ದಾಖಲೆಗಳನ್ನೂ ಕೇಳುತ್ತಾರೆ. ಒಬ್ಬ ಅಭ್ಯರ್ಥಿ ಎರಡು ಸಲ ಬಂದಿದ್ದಾರೆಯೇ ಎಂದು ಗುರುತಿಸಲು ಹಲವು ಕ್ಲೈಂಟ್‌ಗಳ ವ್ಯವಸ್ಥೆಗಳು ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಹುಟ್ಟಿದ ತಿಂಗಳು ಮತ್ತು ದಿನ ಬಳಸುತ್ತವೆ. ಆ ಬೇಡಿಕೆ ಅರ್ಥವಾಗುವಂಥದ್ದು. ಆದರೂ ಕ್ಲೈಂಟ್ ಹೆಸರು ತಿಳಿದ ಮೇಲೆ ಕೊಟ್ಟರಾಯಿತು. ಪೂರ್ತಿ ಸಂಖ್ಯೆ, ಪಾಸ್‌ಪೋರ್ಟಿನ ಪ್ರತಿ ಈ ಹಂತಕ್ಕೆ ಬೇಕಿಲ್ಲ. ಕೆಲಸ ಮಾಡುವ ಅರ್ಹತೆಯನ್ನು ಪರಿಶೀಲಿಸುವ ಐ-9 ಫಾರ್ಮ್ ಇರುವುದು ಕೆಲಸ ಸಿಕ್ಕ ಮೇಲೆ. ಅದನ್ನು ತುಂಬಿಸುವುದು ನಿಮ್ಮನ್ನು ನೇಮಿಸಿಕೊಂಡ ಮಾಲೀಕರು.

ಸಬ್ಮಿಟ್ ಆದ ಮೇಲೆ ಎರಡು ಸಂಗತಿ ಕೇಳಿ ಪಡೆಯಿರಿ: ಯಾವ ದಿನ ಹೋಯಿತು ಎಂಬ ದೃಢೀಕರಣ, ಮತ್ತು ಅವರು ಕಳಿಸಿದ ರೆಸ್ಯೂಮೆಯ ಪ್ರತಿ. ನಿಮಗೆ ಬಾರದ ತಂತ್ರಜ್ಞಾನದ ಹೆಸರನ್ನು ಏಜೆನ್ಸಿ ಸೇರಿಸಿದ್ದರೆ ಅದು ಇಂಟರ್‌ವ್ಯೂಗೆ ಮುಂಚೆಯೇ ತಿಳಿಯಬೇಕು. ಏಜೆನ್ಸಿ ಇನ್ನೂ ಕಳಿಸಿಲ್ಲ ಎಂದಾದರೆ ಒಪ್ಪಿಗೆಯನ್ನು ಹಿಂಪಡೆಯಬಹುದು. ಕ್ಲೈಂಟ್ ಮತ್ತು ಸಂಖ್ಯೆಯನ್ನು ಹೆಸರಿಸಿ ‘ಈ ಮೇಲ್ ತಲುಪಿದ ಹೊತ್ತಿನಿಂದ ನನ್ನನ್ನು ಪ್ರತಿನಿಧಿಸುವ ಅನುಮತಿ ಇಲ್ಲ’ ಎಂದು ಬರೆದು, ಉತ್ತರ ಬರುವವರೆಗೆ ಇನ್ನೊಬ್ಬರಿಗೆ ಒಪ್ಪಿಗೆ ಕೊಡದಿರಿ. ಹೆಸರು ಕ್ಲೈಂಟ್ ವ್ಯವಸ್ಥೆಯೊಳಗೆ ಸೇರಿಬಿಟ್ಟಿದ್ದರೆ ಈ ಮೇಲ್‌ಗೆ ಹೆಚ್ಚು ಬಲವಿಲ್ಲ. ವೆಂಡರ್‌ಗೂ ಕ್ಲೈಂಟ್‌ಗೂ ನಡುವಿನ ಕರಾರಿನ ಪ್ರಕಾರ ಆ ಅಭ್ಯರ್ಥಿಯ ಮೇಲೆ ವೆಂಡರ್‌ನ ಹಕ್ಕು ಆರು ತಿಂಗಳೋ ಒಂದು ವರ್ಷವೋ ಉಳಿಯಬಹುದು.