ಪೊಟ್ಟಣದ ಮೇಲಿನ ಸೋಡಿಯಂ, ತಾಟಿನೊಳಗಿನ ಉಪ್ಪು

ನಮ್ಮ ಭಾಗದಲ್ಲಿ ಜೋಳದ ರೊಟ್ಟಿಗೆ ಉಪ್ಪು ಬೆರೆಸುವ ರೂಢಿ ಸಾಮಾನ್ಯವಾಗಿ ಇಲ್ಲ. ಊಟದ ಉಪ್ಪು ಪಲ್ಯ, ಸಾರು, ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳಗಳ ಮೂಲಕವೇ ದೇಹವನ್ನು ಸೇರುತ್ತದೆ. ಮನೆಯ ಅಡಿಗೆಗೆ ಬಿದ್ದ ಉಪ್ಪು ತಾಯಂದಿರ ಕೈಯಳತೆಗೆ ಗೊತ್ತು. ಅಂಗಡಿಯಿಂದ ತಂದ ಹಪ್ಪಳದ ಉಪ್ಪನ್ನು ಅರಿಯಬೇಕಾದರೆ ಪೊಟ್ಟಣದ ಹಿಂಬದಿಯ ಪೋಷಕಾಂಶಗಳ ಪಟ್ಟಿಯನ್ನು ನೋಡಬೇಕು. ಅಲ್ಲಿ ಕಾಣುವುದು ಉಪ್ಪಿನ ತೂಕವಲ್ಲ; ಸೋಡಿಯಂ ಎಂಬ ಹೆಸರು ಮತ್ತು ಅದರ ಮುಂದೆ ಮಿಲಿಗ್ರಾಂ ಲೆಕ್ಕದ ಒಂದು ಅಂಕಿ.

ಉಪ್ಪು ಎಂಬುದು ಸೋಡಿಯಂ ಮತ್ತು ಕ್ಲೋರೈಡ್‌ಗಳ ಕೂಟ. ನೂರು ಗ್ರಾಂ ಉಪ್ಪಿನಲ್ಲಿ ಸೋಡಿಯಂ ಸುಮಾರು 39 ಗ್ರಾಂ ಮಾತ್ರ, ಉಳಿದದ್ದು ಕ್ಲೋರೈಡ್. ಆದುದರಿಂದ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಉಪ್ಪಿನ ತೂಕ ಗ್ರಾಂಗಳಲ್ಲಿ ದೊರೆಯುತ್ತದೆ. ಕರಾರುವಾಕ್ಕಾಗಿ ಹೇಳಬೇಕೆಂದರೆ 2.54, ಮನೆಯ ಲೆಕ್ಕಕ್ಕೆ ಎರಡೂವರೆ ಸಾಕು. ವಯಸ್ಕರಿಗೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನೇ ಸೋಡಿಯಂ ಲೆಕ್ಕದಲ್ಲಿ 2000 ಮಿಲಿಗ್ರಾಂ ಎನ್ನುತ್ತಾರೆ. ಇವು ಎರಡು ಮಿತಿಗಳಲ್ಲ, ಒಂದೇ ಮಿತಿಯ ಎರಡು ರೂಪಗಳು.

ಒಂದು ಉದಾಹರಣೆ ನೋಡೋಣ. ಹಪ್ಪಳದ ಪೊಟ್ಟಣದ ನಿವ್ವಳ ತೂಕ 200 ಗ್ರಾಂ, ಒಳಗೆ 16 ಹಪ್ಪಳ, ನೂರು ಗ್ರಾಂಗೆ ಸೋಡಿಯಂ 1600 ಮಿಲಿಗ್ರಾಂ ಎಂದಿರಲಿ. ಇದನ್ನು 1.6 ಗ್ರಾಂ ಉಪ್ಪು ಎಂದು ಓದಿಬಿಡುವವರೇ ಹೆಚ್ಚು. ಎರಡೂವರೆಯಿಂದ ಗುಣಿಸಿದರೆ ಅದು 4 ಗ್ರಾಂ ಉಪ್ಪು. ಆದರೆ ಯಾರೂ ನೂರು ಗ್ರಾಂ ಹಪ್ಪಳ ತಿನ್ನುವುದಿಲ್ಲವಲ್ಲ! ಒಂದು ಹಪ್ಪಳದ ತೂಕ ಹನ್ನೆರಡೂವರೆ ಗ್ರಾಂ, ಅಂದರೆ ನೂರು ಗ್ರಾಂನ ಎಂಟನೆಯ ಒಂದು ಪಾಲು. ಆದ್ದರಿಂದ ಒಂದರಲ್ಲಿ ಸೋಡಿಯಂ 200 ಮಿಲಿಗ್ರಾಂ, ಉಪ್ಪು ಅರ್ಧ ಗ್ರಾಂ. ಎರಡು ಹಪ್ಪಳಕ್ಕೆ 1 ಗ್ರಾಂ: ದಿನದ ಮಿತಿಯಲ್ಲಿ ಐದನೆಯ ಒಂದು ಪಾಲು ಊಟದ ಅಂಚಿನಲ್ಲಿಯೇ ಮುಗಿಯಿತು. ಸುಟ್ಟರೂ ಕರಿದರೂ ಹಪ್ಪಳದ ಸೋಡಿಯಂ ಬದಲಾಗುವುದಿಲ್ಲ.

ಕೆಲವು ಪೊಟ್ಟಣಗಳಲ್ಲಿ ಒಂದು ಬಡಿಸುವ ಪ್ರಮಾಣಕ್ಕೆ ದಿನದ ಮಿತಿಯ ಶೇಕಡಾ ಎಷ್ಟು ಎಂಬುದನ್ನೂ ಮುದ್ರಿಸಿರುತ್ತಾರೆ. ಆ ಪ್ರಮಾಣ ಒಂದು ಹಪ್ಪಳವೋ ಎರಡೋ ಎಂಬುದನ್ನು ಮೊದಲು ಗಮನಿಸಬೇಕು.

ನಾಲಿಗೆಯ ರುಚಿಯೊಂದನ್ನೇ ನಂಬಿದರೆ ಇಲ್ಲಿ ಮೋಸವಾಗುತ್ತದೆ. ಹಪ್ಪಳದ ಹಿಟ್ಟಿಗೆ ಸೇರಿಸುವ ಹಪ್ಪಳಖಾರದಲ್ಲಿಯೂ ಅಡಿಗೆ ಸೋಡಾದಲ್ಲಿಯೂ ಸೋಡಿಯಂ ಇದೆ. ಅವು ಉಪ್ಪಿನಷ್ಟು ಉಪ್ಪಾಗಿರುವುದಿಲ್ಲ. ಪಟ್ಟಿಯ ಅಂಕಿ ಇವೆಲ್ಲವನ್ನೂ ಕೂಡಿಸಿದ ಮೊತ್ತವಾದ್ದರಿಂದ, ಮೇಲಿನ ಅರ್ಧ ಗ್ರಾಂ ಎಂಬುದನ್ನು ಅಷ್ಟು ಉಪ್ಪಿಗೆ ಸಮ ಎಂದು ತಿಳಿಯಬೇಕು. ಉಪವಾಸದ ದಿನ ಬಳಸುವ ಸೈಂಧವ ಲವಣಕ್ಕೆ ರಿಯಾಯಿತಿ ಇಲ್ಲ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ವೈದ್ಯರು ಬೇರೆ ಮಿತಿಯನ್ನು ಹೇಳಿದ್ದರೆ, ಲೆಕ್ಕದಲ್ಲಿ 2000ದ ಬದಲು ಆ ಅಂಕಿಯನ್ನೇ ಇಟ್ಟುಕೊಳ್ಳತಕ್ಕದ್ದು.